‘ಲಂಚ್ ಅನ್ನು’ ಎನ್ನುವಲ್ಲಿ ನಾಲಿಗೆ ತೊಡರುವುದೇಕೆ?

ಶಿರಸಿಯಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಉಪ್ಪಿನಕಾಯಿಯ ಬಾಟಲಿ, ಜೋನಿ ಬೆಲ್ಲದ ಡಬ್ಬ, ತೊಡದೇವಿನ ಪೊಟ್ಟಣಗಳು ಹೋಗುವುದು ಹೊಸ ಸಂಗತಿಯಲ್ಲ. ಮೊದಲು ಅವು ನೆಂಟರ ಮನೆಗೆ ಹೋಗುತ್ತಿದ್ದವು, ಈಗ ಮುಖವನ್ನೇ ನೋಡಿರದ ಗಿರಾಕಿಗಳ ಮನೆಗೂ ಹೋಗುತ್ತಿವೆ. ನೆಂಟರಿಗೆ ಬಾಟಲಿಯೊಳಗೆ ಏನಿದೆ ಎಂದು ಹೇಳಬೇಕಾಗಿರಲಿಲ್ಲ. ಗಿರಾಕಿಯಾದರೆ ಮೊಬೈಲಿನಲ್ಲಿ ಒಂದು ಚಿತ್ರವನ್ನು ನೋಡಿ, ಅದರ ಕೆಳಗೆ ಬರೆದ ಎರಡು ಸಾಲುಗಳನ್ನು ಓದಿ, ಬೆರಳಿನಿಂದ ಮುಂದಕ್ಕೆ ತಳ್ಳಬೇಕೋ ಅಲ್ಲೇ ನಿಲ್ಲಬೇಕೋ ಎಂದು ನಿರ್ಧರಿಸುತ್ತಾರೆ. ಚಿತ್ರದ ಕೆಳಗಿನ ಆ ಬರಹಕ್ಕೆ ಎಲ್ಲರೂ ಕ್ಯಾಪ್ಷನ್ ಎನ್ನುವುದರಿಂದ ಈ ಲೇಖನದಲ್ಲಿಯೂ ಅದೇ ಪದವನ್ನು ಬಳಸಿದ್ದೇನೆ.

ಶಿರಸಿಯ ಹತ್ತಿರದ ಹಳ್ಳಿಯೊಂದರಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುವ ನನ್ನ ಅತ್ತಿಗೆ ಕಳೆದ ಮಿಡಿಯ ಕಾಲದಲ್ಲಿ ಇನ್‌ಸ್ಟಾಗ್ರಾಂನಲ್ಲಿ ಹಾಕಿದ ಕ್ಯಾಪ್ಷನ್ ಹೀಗಿತ್ತು:

> ಹಾಯ್ ಫುಡೀಸ್! ನಮ್ಮ ಆಥೆಂಟಿಕ್ ಮಲೆನಾಡು ಅಪ್ಪೆಮಿಡಿ ಉಪ್ಪಿನಕಾಯಿಯೊಂದಿಗೆ ನಿಮ್ಮ ಲಂಚ್ ಅನ್ನು ಅಪ್‌ಗ್ರೇಡ್ ಮಾಡಿಕೊಳ್ಳಿರಿ. ಲಿಮಿಟೆಡ್ ಸ್ಟಾಕ್ ಲಭ್ಯವಿದೆ. ಇಂದೇ ಆರ್ಡರ್ ಮಾಡಿರಿ!

ಬೆಂಗಳೂರಿನ ಪಿಜಿಯಲ್ಲಿದ್ದು ಕೆಲಸಕ್ಕೆ ಹೋಗುವ ಅವರ ಅಕ್ಕನ ಮಗ ಇದನ್ನು ಓದಿ ಫೋನ್ ಮಾಡಿ, “ಚಿಕ್ಕಮ್ಮಾ, ಇದು ನೀನು ಬರ್ದಂಗೆ ಇಲ್ಲ, ಬ್ಯಾಂಕಿಂದ ಬಂದ ಮೆಸೇಜ್ ಇದ್ದಂಗಿದೆ” ಎಂದ. ಅವನು ದಿನವಿಡೀ ಕನ್ನಡದ ನಡುವೆ ಇಂಗ್ಲಿಷ್ ಬೆರೆಸಿಯೇ ಮಾತನಾಡುವವನು. ಅವನಂಥವರಿಗೆಂದೇ ಇಂಗ್ಲಿಷ್ ಬೆರೆಸಿ ಬರೆದ ಸಾಲು ಅವನಿಗೇ ಪರಕೀಯವಾಗಿ ಕೇಳಿಸಿದ್ದೇಕೆ ಎಂಬ ಪ್ರಶ್ನೆಗೆ ಉತ್ತರ ವ್ಯಾಕರಣದಲ್ಲಿದೆ.

## ಚೌಕಟ್ಟು ಒಂದು, ಪದಗಳು ಎರಡು ಕಡೆಯವು

ಇಂಗ್ಲಿಷ್ ಪದಗಳು ಕನ್ನಡದಲ್ಲಿ ಎರಡು ರೀತಿಯಲ್ಲಿ ಇರುತ್ತವೆ. ಬಸ್ಸು, ರೋಡು, ಆಸ್ಪತ್ರೆಯಂಥವು ಎಂದೋ ಬಂದು ಇಲ್ಲಿಯವೇ ಆಗಿಬಿಟ್ಟಿವೆ, ಅವನ್ನು ಬಳಸುವಾಗ ಬೇರೆ ಭಾಷೆ ಆಡುತ್ತಿದ್ದೇವೆ ಎಂದು ಯಾರಿಗೂ ಅನ್ನಿಸುವುದಿಲ್ಲ. ನಮ್ಮ ಕರಾವಳಿಯವರಿಗೆ ಇದು ಹೊಸತೂ ಅಲ್ಲ, ಕಾರವಾರದ ಕಡೆ ದಿನವೂ ಆಡುವ ಬಟಾಟೆ ಮತ್ತು ಚಾವಿ ಎಂಬ ಪದಗಳು ಪೋರ್ಚುಗೀಸಿನಿಂದ ಬಂದವು. ಎರಡನೆಯ ರೀತಿಯದು, ಎರಡೂ ಭಾಷೆ ಬಲ್ಲವರು ಮಾತಿನ ನಡುವೆ ಆ ಕ್ಷಣಕ್ಕೆ ಇಂಗ್ಲಿಷ್ ಪದವನ್ನು ತಂದು ಕೂರಿಸುವುದು. ‘ಈ ವೀಕೆಂಡ್ ಊರಿಗೆ ಹೋಗೋ ಪ್ಲ್ಯಾನ್ ಇದೆ’ ಎಂಬುದು ಅಂಥ ಮಾತು. ಕ್ಯಾಪ್ಷನ್ ಬರೆಯುವವರಿಗೆ ತೊಡಕಾಗುವುದು ಈ ಎರಡನೆಯದು.

ಹೀಗೆ ಬೆರೆಸುವವರು ಅಡ್ಡಾದಿಡ್ಡಿಯಾಗಿ ಬೆರೆಸುವುದಿಲ್ಲ. ಕ್ಯಾರಲ್ ಮೈಯರ್ಸ್-ಸ್ಕಾಟನ್ ಎಂಬ ಅಮೆರಿಕದ ಭಾಷಾವಿಜ್ಞಾನಿ ಆಫ್ರಿಕಾದ ಸ್ವಾಹಿಲಿ–ಇಂಗ್ಲಿಷ್ ಬೆರಕೆಯನ್ನು ಗಮನಿಸಿ 1993ರಲ್ಲಿ ಮುಂದಿಟ್ಟ ವಿವರಣೆಯ ಪ್ರಕಾರ, ಬೆರಕೆಯ ವಾಕ್ಯದಲ್ಲಿ ಎರಡೂ ಭಾಷೆಗಳು ಸಮಾನ ಪಾಲುದಾರರಾಗಿರುವುದಿಲ್ಲ. ಒಂದು ಭಾಷೆ ವಾಕ್ಯದ ಚೌಕಟ್ಟನ್ನು ಕೊಡುತ್ತದೆ, ಎಂದರೆ ಪದಗಳ ಕ್ರಮ, ಪ್ರತ್ಯಯಗಳು ಮತ್ತು ಕ್ರಿಯಾಪದದ ಕೊನೆ ಅದರವು. ಇನ್ನೊಂದು ಭಾಷೆ ಆ ಚೌಕಟ್ಟಿನೊಳಗೆ ಕೂರುವ ಪದಗಳನ್ನಷ್ಟೇ ಕೊಡುತ್ತದೆ. ಕುಮಟಾ ಕಡೆಯ ಚಿರೇಕಲ್ಲಿನ ಮನೆಯನ್ನು ನೆನೆಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ನೆಲಕ್ಕೆ ಬೇರೆ ರಾಜ್ಯದ ಕಲ್ಲನ್ನು ಹಾಸಬಹುದು, ಕಿಟಕಿಗೆ ಅಲ್ಯೂಮಿನಿಯಂ ಹಾಕಿಸಬಹುದು, ಆದರೆ ಗೋಡೆ ನಿಂತಿರುವ ಅಳತೆಯೊಳಗೇ ಅವೆಲ್ಲ ಹೊಂದಿಕೊಳ್ಳಬೇಕು.

ಮೇಲಿನ ‘ವೀಕೆಂಡ್’ ವಾಕ್ಯದಲ್ಲಿ ಎರಡು ಪದಗಳು ಇಂಗ್ಲಿಷಿನವು, ಚೌಕಟ್ಟು ಪೂರ್ತಿ ಆಡುಗನ್ನಡದ್ದು. ಅತ್ತಿಗೆಯ ಕ್ಯಾಪ್ಷನ್ನಿನಲ್ಲಿ ಕ್ರಿಯಾಪದಗಳು ಕನ್ನಡದವೇ ಆಗಿದ್ದರೂ ಒಳಗಿನ ಚೌಕಟ್ಟು ಇಂಗ್ಲಿಷ್ ಜಾಹೀರಾತಿನದು. ‘ಇಂಥದ್ದರೊಂದಿಗೆ ನಿಮ್ಮ ಇಂಥದ್ದನ್ನು ಮೇಲಕ್ಕೇರಿಸಿಕೊಳ್ಳಿ’ ಎಂದು ಉಪ್ಪಿನಕಾಯಿ ಬಡಿಸುವ ಕನ್ನಡಿಗರು ಯಾರೂ ಹೇಳುವುದಿಲ್ಲ. ಇದೇ ಕಾರಣದಿಂದ ಒಂದೂ ಇಂಗ್ಲಿಷ್ ಪದವಿಲ್ಲದೆ ಬರೆದರೂ ಸಾಲು ಕೃತಕವಾಗಬಹುದು. ‘ನಿಮ್ಮ ಊಟವನ್ನು ಮುಂದಿನ ಹಂತಕ್ಕೆ ಕೊಂಡೊಯ್ಯಿರಿ’ ಎಂಬುದರಲ್ಲಿ ಪದಗಳೆಲ್ಲ ಕನ್ನಡ, ಮಾತು ಮಾತ್ರ ಇಂಗ್ಲಿಷ್.

## ಬೆಸುಗೆ ಎದ್ದು ಕಾಣುವ ಜಾಗಗಳು

ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ, ಇಂಗ್ಲಿಷಿನ ಬಹಳಷ್ಟು ಪದಗಳು ವ್ಯಂಜನದಲ್ಲಿ ಮುಗಿಯುತ್ತವೆ. ಹಾಗಾಗಿ ಎರಡೂ ಸೇರುವ ಜಾಗದಲ್ಲಿ ಒಂದು ಬೆಸುಗೆ ಬೇಕಾಗುತ್ತದೆ. ಹಳಬರು ಇದಕ್ಕೆ ಉಕಾರವನ್ನು ಹಚ್ಚಿದರು, ಕಾರ್ ಎಂಬುದು ಕಾರು ಆಯಿತು, ಬಸ್ ಎಂಬುದು ಹ್ರಸ್ವಸ್ವರದ ಪದವಾದ್ದರಿಂದ ಕೊನೆಯ ವ್ಯಂಜನ ಇಮ್ಮಡಿಸಿ ಬಸ್ಸು ಆಯಿತು. ಒಮ್ಮೆ ಹೀಗಾದ ಮೇಲೆ ಬಸ್ಸಿಗೆ, ಬಸ್ಸಲ್ಲಿ, ಬಸ್ಸಿಂದ ಎಂದು ಪ್ರತ್ಯಯಗಳು ತಾವಾಗಿ ಅಂಟಿಕೊಳ್ಳುತ್ತವೆ. ಹೊಸ ಪದಗಳಿಗೂ ನಾಲಿಗೆ ಇದನ್ನೇ ಮಾಡುತ್ತದೆ, ಆರ್ಡರಿಗೆ, ವೀಕೆಂಡಿಗೆ, ಬಾಕ್ಸಲ್ಲಿ ಎನ್ನುತ್ತೇವೆ. ಬರೆಯಲು ಕುಳಿತಾಗ ಮಾತ್ರ ಕೈ ಇನ್ನೊಂದು ದಾರಿ ಹಿಡಿದು ‘ಬಾಕ್ಸ್‌ನಲ್ಲಿ’, ‘ಆರ್ಡರ್‌ಗಾಗಿ’, ‘ಲಂಚ್ ಅನ್ನು’ ಎಂದು ಪದವನ್ನೂ ಪ್ರತ್ಯಯವನ್ನೂ ಬೇರೆ ಬೇರೆ ಇಟ್ಟು ಬರೆಯುತ್ತದೆ. ವರದಿಯಲ್ಲೋ ಲೇಖನದಲ್ಲೋ ಅದು ಸರಿ. ಮಾತಿನಂತೆ ಕೇಳಿಸಬೇಕಾದ ಕ್ಯಾಪ್ಷನ್ನಿನಲ್ಲಿ ಅದು ಕಲ್ಲಿನಂತೆ ಹಲ್ಲಿಗೆ ಸಿಗುತ್ತದೆ.

ಇವುಗಳಲ್ಲಿ ‘ಅನ್ನು’ ಎಂಬ ದ್ವಿತೀಯಾ ಪ್ರತ್ಯಯ ಅತ್ಯಂತ ಸುಲಭವಾಗಿ ಕಣ್ಣಿಗೆ ಬೀಳುವ ಗುರುತು. ಆಡುಗನ್ನಡದಲ್ಲಿ ಜೀವವಿಲ್ಲದ ವಸ್ತುವಿಗೆ ಇದನ್ನು ಬಹುಮಟ್ಟಿಗೆ ಬಿಟ್ಟೇಬಿಡುತ್ತೇವೆ. ‘ನೀರು ಕುಡಿ’, ‘ಬಾಗಿಲು ಹಾಕು’, ‘ಉಪ್ಪಿನಕಾಯಿ ಬಡಿಸು’ ಎನ್ನುತ್ತೇವೆಯೇ ಹೊರತು ಊಟದ ಮನೆಯಲ್ಲಿ ‘ಉಪ್ಪಿನಕಾಯಿಯನ್ನು ಬಡಿಸು’ ಎಂದು ಯಾರೂ ಹೇಳುವುದಿಲ್ಲ. ಹೀಗಿರುವಾಗ ಇಂಗ್ಲಿಷ್ ಪದದ ಪಕ್ಕದಲ್ಲಿ ‘ಅನ್ನು’ ಬಂದು ನಿಂತರೆ, ಆ ವಾಕ್ಯ ಬಾಯಿಂದ ಬಂದದ್ದಲ್ಲ ಎಂದು ಓದುವವರಿಗೆ ಕೂಡಲೇ ಗೊತ್ತಾಗುತ್ತದೆ. ಲಂಚ್ ಎಂಬ ಪದಕ್ಕಂತೂ ಕನ್ನಡ ಲಿಪಿಯಲ್ಲಿ ಇನ್ನೊಂದು ಅಪಾಯವಿದೆ, ಕೊನೆಯ ಹಲಂತದ ಗುರುತು ಬೆರಳು ತಪ್ಪಿ ಬಿಟ್ಟುಹೋದರೆ ನಿಮ್ಮ ಲಂಚವನ್ನು ಅಪ್‌ಗ್ರೇಡ್ ಮಾಡಿಕೊಡುತ್ತೇವೆ ಎಂದಂತಾಗುತ್ತದೆ.

ಎರಡನೆಯ ಬೆಸುಗೆ ಕ್ರಿಯಾಪದದ್ದು. ಇಂಗ್ಲಿಷ್ ಕ್ರಿಯಾಪದಕ್ಕೆ ಕನ್ನಡದ ಕಾಲಪ್ರತ್ಯಯವನ್ನು ನೇರವಾಗಿ ಹಚ್ಚಲು ಬರುವುದಿಲ್ಲ, ಅದರ ಪಕ್ಕದಲ್ಲಿ ಕನ್ನಡದ ಒಂದು ಸಣ್ಣ ಕ್ರಿಯಾಪದ ನಿಂತು ಕೆಲಸ ಮಾಡಿಕೊಡಬೇಕು. ಮಾಡುವವರು ಇದ್ದರೆ ‘ಮಾಡು’, ತಾನಾಗಿ ಆಗುವುದಾದರೆ ‘ಆಗು’: ‘ಪಾರ್ಸೆಲ್ ಮಾಡ್ತೇವೆ’, ‘ಪಾರ್ಸೆಲ್ ಆಗಿದೆ’. ಇಷ್ಟು ಎಲ್ಲರಿಗೂ ಬರುತ್ತದೆ. ಆದರೆ ಜನ ನಿಜವಾಗಿ ಬಳಸುವ ಜೋಡಿಗಳು ಇವೆರಡಕ್ಕೇ ಮುಗಿಯುವುದಿಲ್ಲ. ಬೋರ್ ಹೊಡೆಯುತ್ತದೆ, ಟೆನ್ಷನ್ ತಗೊಳ್ಳುತ್ತಾರೆ, ಫೋಟೋ ತೆಗೆಯುತ್ತಾರೆ, ಫ್ಯಾನ್ ಹಾಕುತ್ತಾರೆ, ಬಸ್ ಹಿಡಿಯುತ್ತಾರೆ. ಇವುಗಳಲ್ಲಿ ಇಂಗ್ಲಿಷ್ ಪದ ಹೊರಗಿನದಾದರೂ ಅದರ ಸಂಗಾತಿ ಕ್ರಿಯಾಪದವನ್ನು ಆರಿಸಿದ್ದು ಕನ್ನಡ. ‘ಬೋರ್ ಹೊಡೀತಿದ್ಯಾ’ ಎಂಬ ಜೋಡಿ ಇಂಗ್ಲಿಷಿನಲ್ಲಿ ಎಲ್ಲೂ ಇಲ್ಲ. ಬೆರಕೆ ಸಹಜವಾಗಿ ಕೇಳಿಸಬೇಕಾದರೆ ಇಂಥ ಜೋಡಿಗಳು ಬಹಳ ಸಹಾಯ ಮಾಡುತ್ತವೆ, ಏಕೆಂದರೆ ಅನುವಾದದಿಂದ ಅವು ಹುಟ್ಟುವುದಿಲ್ಲ.

ಮೂರನೆಯದು ಸಣ್ಣದು. ಇಂಗ್ಲಿಷಿನ ನಾಮಪದಗಳು ಚೌಕಟ್ಟಿನೊಳಗೆ ಸಲೀಸಾಗಿ ಬರುತ್ತವೆ, ಪದಗಳನ್ನು ಜೋಡಿಸುವ ‘ಅಂಡ್’, ‘ವಿತ್’, ‘ಫ್ರಮ್’ ಮೊದಲಾದವು ಬರುವುದಿಲ್ಲ. ‘ಅಜ್ಜಿ ಅಂಡ್ ಅಮ್ಮ ಮಾಡಿದ್ದು’ ಎಂದು ಬರೆಯುವವರು ಬಾಯಲ್ಲಿ ‘ಅಜ್ಜಿ, ಅಮ್ಮ ಇಬ್ರೂ ಸೇರಿ ಮಾಡಿದ್ದು’ ಎಂದೇ ಹೇಳುತ್ತಾರೆ.

## ಇಂಗ್ಲಿಷಿಗಿಂತ ಮೊದಲು ಕನ್ನಡವನ್ನು ನೋಡಬೇಕು

ಕ್ಯಾಪ್ಷನ್ ಕೃತಕವಾಗಿದೆ ಎಂದ ಕೂಡಲೇ ಎಲ್ಲರೂ ಅದರಲ್ಲಿರುವ ಇಂಗ್ಲಿಷನ್ನು ಅನುಮಾನಿಸುತ್ತಾರೆ. ನನ್ನ ಅನುಭವದಲ್ಲಿ ತಪ್ಪು ಹೆಚ್ಚಾಗಿ ಸುತ್ತಲಿನ ಕನ್ನಡದಲ್ಲಿ ಇರುತ್ತದೆ. ‘ಮಾಡಿಕೊಳ್ಳಿರಿ’, ‘ಲಭ್ಯವಿದೆ’, ‘ಇಂದೇ’, ‘ಯೊಂದಿಗೆ’ ಇವೆಲ್ಲ ಬರಹದ ಕನ್ನಡ. ‘ಫುಡೀಸ್’ ಎಂಬುದಾದರೆ ಗೆಳೆಯರ ಗುಂಪಿನ ಮಾತು. ಪಂಚೆ ಉಟ್ಟು ಶಲ್ಯ ಹೊದ್ದವರು ಕಾಲಿಗೆ ಆಟದ ಬೂಟು ಹಾಕಿಕೊಂಡಂತೆ, ಎರಡೂ ಪ್ರತ್ಯೇಕವಾಗಿ ಸರಿಯಾಗಿದ್ದರೂ ಒಟ್ಟಿಗೆ ಬಂದಾಗ ಕಣ್ಣಿಗೆ ಹೊಡೆಯುತ್ತವೆ. ಮಾತಿನ ಇಂಗ್ಲಿಷ್ ಪದದ ಜೊತೆ ಮಾತಿನ ಕನ್ನಡವೇ ಇರಬೇಕು. ‘ಲಭ್ಯವಿದೆ’ ಎಂಬಲ್ಲಿ ‘ಇದೆ’ ಅಥವಾ ‘ಸಿಗ್ತದೆ’, ‘ಖರೀದಿಸಿರಿ’ ಎಂಬಲ್ಲಿ ‘ತಗೊಳ್ಳಿ’ ಎಂದು ಬದಲಾಯಿಸಿದರೆ, ಇಂಗ್ಲಿಷ್ ಪದಗಳನ್ನು ಮುಟ್ಟದೆಯೇ ಸಾಲಿನ ಅರ್ಧ ಬಿಗಿತ ಸಡಿಲವಾಗುತ್ತದೆ.

ಇಲ್ಲಿ ಯಾವ ಊರಿನ ಆಡುಮಾತು ಎಂಬ ಪ್ರಶ್ನೆ ಏಳುತ್ತದೆ. ‘ಬರುತ್ತದೆ’ ಎಂಬ ಒಂದೇ ಪದ ಬೆಂಗಳೂರು–ಮೈಸೂರು ಕಡೆ ‘ಬರುತ್ತೆ’, ನಮ್ಮ ಕಡೆ ‘ಬರ್ತದೆ’, ಹುಬ್ಬಳ್ಳಿ–ಧಾರವಾಡದಲ್ಲಿ ‘ಬರತೈತಿ’ ಆಗುತ್ತದೆ. ಕೊಳ್ಳುವವರು ಬೆಂಗಳೂರಿನಲ್ಲಿದ್ದಾರೆಂದು ಶಿರಸಿಯ ಅಡುಗೆಮನೆಯಿಂದ ಬರೆಯುವವರು ‘ಬರುತ್ತೆ ಗುರು’, ‘ಸೂಪರ್ ಮಗಾ’ ಎಂದು ಬರೆದರೆ ಅದು ವೇಷ ಹಾಕಿದಂತೆ ಕಾಣುತ್ತದೆ. ಐವತ್ತು ದಾಟಿದ ಹೆಂಗಸೊಬ್ಬರು ಅಪರಿಚಿತ ಹುಡುಗ ಹುಡುಗಿಯರನ್ನು ‘ಮಗಾ’ ಎಂದು ಅವರ ಗೆಳೆಯರಂತೆ ಕರೆಯುವುದಿಲ್ಲ. ಹಾಗೆಂದು ಮನೆಮಾತನ್ನು ಪೂರ್ತಿ ಇಳಿಸಿದರೂ ಹೊರಗಿನವರಿಗೆ ಅರ್ಥವಾಗುವುದಿಲ್ಲ. ಹವಿಗನ್ನಡವನ್ನೋ ಕಾರವಾರದ ಕೊಂಕಣಿಯನ್ನೋ ಇಡೀ ಕ್ಯಾಪ್ಷನ್ನಿಗೆ ಬಳಸಿದರೆ ಅದನ್ನು ಸವಿಯುವವರು ನಮ್ಮವರು ಮಾತ್ರ. ನಾವು ಕಂಡುಕೊಂಡ ದಾರಿಯೆಂದರೆ ಎಲ್ಲರಿಗೂ ತಿಳಿಯುವ ಆಡುಗನ್ನಡವನ್ನು ಇಟ್ಟುಕೊಂಡು, ಕ್ರಿಯಾಪದದ ಕೊನೆಯಲ್ಲಿ ‘ಬರ್ತದೆ’, ‘ಸಿಗ್ತದೆ’ ಎಂದು ನಮ್ಮ ಉಚ್ಚಾರವನ್ನು ಉಳಿಸುವುದು, ‘ಏನು’ ಎಂಬಲ್ಲಿ ಒಂದೆರಡು ಕಡೆ ‘ಎಂತ’ ಎನ್ನುವುದು, ಕೊಳ್ಳುವವರನ್ನು ‘ನೀವು’ ಎಂದೇ ಕರೆಯುವುದು. ಬಹುವಚನ ಇದ್ದ ಮಾತ್ರಕ್ಕೆ ಮಾತು ಬಿಗಿಯಾಗುವುದಿಲ್ಲ. ಬಿಗಿ ಮಾಡುವುದು ‘ಮಾಡಿರಿ’ ಎಂಬುದರ ಕೊನೆಯ ‘ರಿ’, ‘ಮಾಡಿ’ ಎಂದರೆ ಸಾಕು.

## ಯಾವ ವಿಷಯಕ್ಕೆ ಯಾವ ಭಾಷೆ

ನಗರದಲ್ಲಿರುವ ಕನ್ನಡದ ಯುವಕರ ಮಾತನ್ನು ಸ್ವಲ್ಪ ಹೊತ್ತು ಕೇಳಿದರೆ, ಇಂಗ್ಲಿಷ್ ಎಲ್ಲ ವಿಷಯಗಳಲ್ಲಿಯೂ ಸಮನಾಗಿ ಹರಡಿರುವುದಿಲ್ಲ ಎಂಬುದು ಗೊತ್ತಾಗುತ್ತದೆ. ಕೊಡುಕೊಳ್ಳುವಿಕೆ, ಕೆಲಸ, ವಾಸದ ವ್ಯವಸ್ಥೆ ಇವುಗಳ ಮಾತು ಬಹುಪಾಲು ಇಂಗ್ಲಿಷ್ ಪದಗಳಲ್ಲಿ ನಡೆಯುತ್ತದೆ: ಆರ್ಡರ್, ಪೇಮೆಂಟ್, ಡೆಲಿವರಿ, ಆಫೀಸ್, ರೂಮ್, ರೆಂಟ್. ಇವಕ್ಕೆ ‘ಪಾವತಿ’, ‘ಬೇಡಿಕೆ ಸಲ್ಲಿಸಿ’ ಎಂದು ಬರೆದರೆ ಸರಕಾರಿ ಪ್ರಕಟಣೆಯ ಧ್ವನಿ ಬರುತ್ತದೆ. ರುಚಿ, ವಾಸನೆ, ಮನೆಯವರು, ಮಳೆ, ಹಸಿವು, ಹಬ್ಬ ಇವುಗಳ ಮಾತು ಮಾತ್ರ ಕನ್ನಡದಲ್ಲೇ ಉಳಿದಿರುತ್ತದೆ. ಹುಳಿ, ಒಗರು, ಘಮ, ಗರಿಗರಿ ಎಂಬುದಕ್ಕೆ ಬಾಯಿ ನೀರೂರುವಂತೆ ಇಂಗ್ಲಿಷ್ ಪದ ಬಾರದು. ‘ಟ್ಯಾಂಗಿ’ ಎಂದು ಬರೆದಾಗ ನಾಲಿಗೆಯಲ್ಲಿ ಏನೂ ಆಗುವುದಿಲ್ಲ.

ಒಂದೇ ವಸ್ತುವಿಗೆ ಎರಡೂ ಭಾಷೆಯ ಹೆಸರು ಚಾಲ್ತಿಯಲ್ಲಿದ್ದಾಗ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ‘ಕರ್ಡ್ ರೈಸ್’ ಎಂಬುದು ಹೋಟೆಲಿನ ಪಟ್ಟಿಯಲ್ಲಿರುವ, ಬಿಲ್ ಬರುವ ತಿಂಡಿ. ‘ಮೊಸರನ್ನ’ ಎಂಬುದು ಮನೆಯಲ್ಲಿ ಕೊನೆಗೆ ಕಲಸಿಕೊಳ್ಳುವ ಅನ್ನ. ಅದೇ ಹುಡುಗ ಹೋಟೆಲಿನಲ್ಲಿ ಮೊದಲನೆಯದನ್ನು ಹೇಳುತ್ತಾನೆ, ಮನೆಗೆ ಬಂದಾಗ ಎರಡನೆಯದನ್ನು ಕೇಳುತ್ತಾನೆ. ಅಪ್ಪೆಮಿಡಿಯನ್ನು ಮಾರುವವರಿಗೆ ಬೇಕಾದದ್ದು ಎರಡನೆಯದರ ನೆನಪು.

ಪದಾರ್ಥದ ಹೆಸರಿನ ವಿಷಯ ಸ್ವಲ್ಪ ಬೇರೆ. ನಮ್ಮ ಜಿಲ್ಲೆಯ ಮುರುಗಲನ್ನು ಮಂಗಳೂರಿನ ಕಡೆ ಪುನರ್ಪುಳಿ ಎನ್ನುತ್ತಾರೆ, ಬೆಂಗಳೂರಿನ ಅಂಗಡಿಗಳಲ್ಲಿ ಅದು ಕೋಕಂ. ಕಾರವಾರದ ಮನೆಗಳ ಸುಂಗಟ ಕನ್ನಡದ ಸಿಗಡಿ, ಹೋಟೆಲಿನ ಪ್ರಾನ್ಸ್. ಇಂಥ ಕಡೆ ಊರಿನ ಹೆಸರನ್ನು ಮೊದಲಿಟ್ಟು, ಮುಂದಿನ ವಾಕ್ಯದಲ್ಲಿ ಪರಿಚಿತ ಹೆಸರು ತಾನಾಗಿ ಬರುವಂತೆ ಮಾಡಬಹುದು: ‘ಈ ಸಲ ಮುರುಗಲು ಚೆನ್ನಾಗಿ ಬಂದಿದೆ. ನೀವು ಕೋಕಂ ಅಂತೀರಲ್ಲ, ಅದೇ.’ ಇಲ್ಲಿ ಅರ್ಥ ಹೇಳುವ ಕೆಲಸವೂ ಆಯಿತು, ಮಾರುವವರು ಎಲ್ಲಿಯವರು ಎಂಬುದೂ ತಿಳಿಯಿತು.

## ಅದೇ ಕ್ಯಾಪ್ಷನ್ನನ್ನು ಮತ್ತೆ ಬರೆದದ್ದು

ಅತ್ತಿಗೆಯ ಕ್ಯಾಪ್ಷನ್ನನ್ನು ತಿದ್ದಲು ಕುಳಿತಾಗ ನಾವು ಮೊದಲು ಮಾಡಿದ ಕೆಲಸ ಬರೆಯುವುದನ್ನು ನಿಲ್ಲಿಸಿದ್ದು. ಆ ಹುಡುಗನಿಗೆ ಫೋನ್ ಮಾಡಿ ಈ ವರ್ಷದ ಉಪ್ಪಿನಕಾಯಿಯ ಬಗ್ಗೆ ಹೇಳುವಂತೆ ಅವರನ್ನು ಕೇಳಿಕೊಂಡೆ, ಮಾತನ್ನು ಅವರ ಒಪ್ಪಿಗೆಯ ಮೇಲೆ ಮೊಬೈಲಿನಲ್ಲಿ ಹಿಡಿದಿಟ್ಟೆ. ಅವರು ಹೇಳಿದ್ದು ಸುಮಾರು ಹೀಗಿತ್ತು: “ಈ ಸಲದ್ದು ಜೀರಿಗೆ ಮಿಡಿ. ಮುಚ್ಚಳ ತೆಗೆದ್ರೆ ರೂಮೆಲ್ಲ ಘಮ್ ಅಂತದೆ. ನಿನ್ನ ರೂಮ್‌ಮೇಟಿಗೆ ತೋರ್ಸಬೇಡ, ವಾರದಲ್ಲಿ ಬಾಟ್ಲಿ ಖಾಲಿ ಮಾಡ್ತ.”

ಈ ಮೂರು ವಾಕ್ಯಗಳಲ್ಲಿ ‘ಆಥೆಂಟಿಕ್’ ಹೇಳಲು ಹೊರಟು ಹೇಳದೆ ಉಳಿದದ್ದೆಲ್ಲ ಇದೆ. ಅಪ್ಪೆಮಿಡಿಯಲ್ಲಿ ಮರಮರಕ್ಕೂ ಪರಿಮಳ ಬೇರೆಯಾಗುತ್ತದೆ, ಜೀರಿಗೆಯ ವಾಸನೆಯ ಮಿಡಿ ಅವುಗಳಲ್ಲಿ ಹೆಸರಾದದ್ದು. ತೊಟ್ಟು ಮುರಿಯದಂತೆ ಕೊಯ್ದ ಎಳೆಯ ಮಿಡಿಯನ್ನು ಉಪ್ಪಿನಲ್ಲಿ ಚಿರುಟುವ ತನಕ ಇಟ್ಟು, ಬಳಿಕ ಸಾಸಿವೆ–ಮೆಣಸಿನ ಹಿಟ್ಟು ಬೆರೆಸುವ ಈ ಉಪ್ಪಿನಕಾಯಿಯ ಗುರುತು ಆ ಘಮವೇ. ಮಾತಿನಲ್ಲಿ ಅದು ಮೊದಲಿಗೇ ಬಂತು, ಬರಹದಲ್ಲಿ ಬಂದಿರಲಿಲ್ಲ. ಇಂಗ್ಲಿಷ್ ಪದಗಳೂ ಕರೆಯದೆ ಬಂದವು, ಏಕೆಂದರೆ ಹುಡುಗ ಇರುವುದು ‘ಕೋಣೆ’ಯಲ್ಲಲ್ಲ, ರೂಮಿನಲ್ಲಿ.

ಮೊಬೈಲಿನಲ್ಲಿ ಕ್ಯಾಪ್ಷನ್ನಿನ ಆರಂಭವಷ್ಟೇ ಕಾಣುತ್ತದೆ, ಉಳಿದದ್ದು ಒತ್ತಿದ ಮೇಲೆ ತೆರೆಯುತ್ತದೆ. ಆದ್ದರಿಂದ ‘ಹಾಯ್ ಫುಡೀಸ್’ ಎಂಬುದು ಅತ್ಯಂತ ಬೆಲೆಬಾಳುವ ಜಾಗವನ್ನು ಏನೂ ಹೇಳದೆ ಮುಗಿಸಿತ್ತು. ಅಲ್ಲಿಗೆ ಓದುವವರ ದಿನದ ಅನುಭವವೊಂದು ಬರಬೇಕಿತ್ತು, ಪಿಜಿಯಲ್ಲಿ ಇರುವವರಿಗೆ ಅದನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ‘ಲಿಮಿಟೆಡ್ ಸ್ಟಾಕ್’ ಎಂಬುದನ್ನು ಎಲ್ಲರೂ ಹೇಳುವುದರಿಂದ ಯಾರೂ ನಂಬುವುದಿಲ್ಲ, ಅತ್ತಿಗೆಯ ಬಳಿ ಆಗ ಉಳಿದಿದ್ದ ಬಾಟಲಿಗಳನ್ನು ಎಣಿಸಿ ಸಂಖ್ಯೆಯನ್ನೇ ಹಾಕಿದೆವು. ಕೊನೆಗೆ ಸಿದ್ಧವಾದದ್ದು ಇದು:

> ಪಿಜಿ ಸಾಂಬಾರು ಬೋರ್ ಹೊಡೀತಿದ್ಯಾ? ಮೊಸರನ್ನಕ್ಕೆ ಒಂದು ಜೀರಿಗೆ ಮಿಡಿ ಹಾಕ್ಕೊಳ್ಳಿ. ಮುಚ್ಚಳ ತೆಗೆದ್ರೆ ರೂಮೆಲ್ಲ ಘಮ್ ಅಂತದೆ. ರೂಮ್‌ಮೇಟ್ ಕೇಳಿದ್ರೆ ಕೊಡೋದು ಬಿಡೋದು ನಿಮಗೆ ಬಿಟ್ಟಿದ್ದು. ಅರ್ಧ ಕೆಜಿ ಬಾಟ್ಲಿ, ಈ ಸಲ ಇರೋದು 40 ಮಾತ್ರ. ಆರ್ಡರಿಗೆ ಮೆಸೇಜ್ ಮಾಡಿ.

ಎರಡನ್ನೂ ಪಕ್ಕದಲ್ಲಿಟ್ಟು ಇಂಗ್ಲಿಷ್ ಪದಗಳನ್ನು ಎಣಿಸಿದಾಗ ನನಗೇ ಆಶ್ಚರ್ಯವಾಯಿತು. ಹಳೆಯದರಲ್ಲಿ ಹಾಯ್, ಫುಡೀಸ್, ಆಥೆಂಟಿಕ್, ಲಂಚ್, ಅಪ್‌ಗ್ರೇಡ್, ಲಿಮಿಟೆಡ್, ಸ್ಟಾಕ್, ಆರ್ಡರ್ ಎಂದು 8 ಪದಗಳಿವೆ. ಹೊಸದರಲ್ಲಿಯೂ ಪಿಜಿ, ಬೋರ್, ರೂಮ್, ರೂಮ್‌ಮೇಟ್, ಕೆಜಿ, ಬಾಟ್ಲಿ, ಆರ್ಡರ್, ಮೆಸೇಜ್ ಎಂದು 8 ಇವೆ. ಇಂಗ್ಲಿಷ್ ಒಂದಿಷ್ಟೂ ಕಡಿಮೆಯಾಗಿಲ್ಲ. ಬದಲಾದದ್ದು ಪದಗಳ ಜಾತಿ. ಮೊದಲನೆಯ ಪಟ್ಟಿಯಲ್ಲಿ ಹೊಗಳುವ, ಕರೆಯುವ ಪದಗಳು ಹೆಚ್ಚು. ಎರಡನೆಯದರಲ್ಲಿ ಎಲ್ಲವೂ ಆ ಹುಡುಗನ ಸುತ್ತ ಇರುವ ವಸ್ತು, ಜಾಗ, ಕೆಲಸಗಳ ಹೆಸರು. ‘ರೂಮೆಲ್ಲ’, ‘ಆರ್ಡರಿಗೆ’ ಎಂಬಲ್ಲಿ ಬೆಸುಗೆ ಕಾಣುವುದಿಲ್ಲ, ‘ಅನ್ನು’ ಒಂದೂ ಇಲ್ಲ, ‘ಬೋರ್’ ತನ್ನ ಸಂಗಾತಿಯಾದ ‘ಹೊಡಿ’ಯನ್ನು ಕರೆದುಕೊಂಡೇ ಬಂದಿದೆ.

ಬೆಲೆಯನ್ನು ಹಾಕದೇ ಹೋದದ್ದು ನಮ್ಮ ತಪ್ಪು. ಬಂದ ಮೆಸೇಜುಗಳಲ್ಲಿ ಅದನ್ನೇ ಮತ್ತೆ ಮತ್ತೆ ಕೇಳಿದ್ದರಿಂದ ಮರುದಿನ ಸೇರಿಸಿದೆವು. ಭಾಷೆ ಎಷ್ಟು ಸಲೀಸಾಗಿದ್ದರೂ ಬೇಕಾದ ಸಂಗತಿಯನ್ನು ಬಿಟ್ಟರೆ ಅದು ತುಂಬಿಕೊಡುವುದಿಲ್ಲ. ಆದರೆ ಅದೇ ಮೆಸೇಜುಗಳಲ್ಲಿ ಒಬ್ಬರು ‘ನನ್ ರೂಮ್‌ಮೇಟಿಗೂ ಸೇರಿಸಿ 2 ಬಾಟ್ಲಿ’ ಎಂದು ಬರೆದಿದ್ದರು. ಕ್ಯಾಪ್ಷನ್ನಿನ ಪದಗಳನ್ನೇ ಓದಿದವರು ತಿರುಗಿ ಬಳಸತೊಡಗಿದರೆ ಬೆರಕೆ ಹೊಂದಿಕೊಂಡಿದೆ ಎಂದು ತಿಳಿಯಬಹುದು.

## ಯಾವ ಲಿಪಿಯಲ್ಲಿ ಬರೆಯುವುದು

ಯುವಕರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುವುದು ಸಾಮಾನ್ಯವಾದ್ದರಿಂದ ಕ್ಯಾಪ್ಷನ್ನನ್ನೂ ಹಾಗೆಯೇ ಬರೆಯಬಹುದಲ್ಲ ಎಂದು ಹಲವರು ಕೇಳುತ್ತಾರೆ. ಬರೆಯಬಹುದು, ಆದರೆ ಆ ಲಿಪಿಗೆ ಲ–ಳ, ನ–ಣಗಳ ಭೇದವಿಲ್ಲ, ದೀರ್ಘವನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಮಳೆ ಎಂದು ಬರೆಯಲು ಎಂ, ಎ, ಎಲ್, ಇ ಒತ್ತಿದರೆ ಅದು ಮಲೆಯೂ ಆಗುತ್ತದೆ, ಗಂಡು ಎಂಬರ್ಥದ ಇಂಗ್ಲಿಷ್ ಪದವೂ ಆಗುತ್ತದೆ. ‘ಹಳ್ಳಿ ರುಚಿ’ ಎಂದು ಬರೆದದ್ದನ್ನು ‘ಹಲ್ಲಿ ರುಚಿ’ ಎಂದು ಓದಿಕೊಳ್ಳಲು ಅಡ್ಡಿಯೇ ಇಲ್ಲ. ತಿನ್ನುವ ಪದಾರ್ಥ ಮಾರುವವರು ಇದನ್ನು ಯೋಚಿಸಲೇಬೇಕು.

ಕನ್ನಡ ಲಿಪಿಯಲ್ಲಿ ಬರೆಯುವಾಗ ಇರುವ ತೊಡಕು ಬೇರೆ ಬಗೆಯದು. ‘ಬಾಕ್ಸ್’ ಎಂಬುದರ ಮುಂದೆ ‘ನಲ್ಲಿ’ ಟೈಪ್ ಮಾಡಿದರೆ ನಕಾರ ಒತ್ತಕ್ಷರವಾಗಿ ಕೆಳಗಿಳಿದು ‘ಬಾಕ್ಸ್ನಲ್ಲಿ’ ಎಂದು ಗಂಟಾಗುತ್ತದೆ. ಅದನ್ನು ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಗುರುತನ್ನು ಹಾಕಬೇಕು, ಯೂನಿಕೋಡಿನಲ್ಲಿ ಅದರ ಸಂಖ್ಯೆ U+200C. ಎಲ್ಲ ಕೀಲಿಮಣೆಗಳಲ್ಲಿಯೂ ಅದು ಸುಲಭವಾಗಿ ಕೈಗೆ ಸಿಗುವುದಿಲ್ಲ. ಆಡುಮಾತಿನ ‘ಬಾಕ್ಸಲ್ಲಿ’ ಎಂಬ ರೂಪ ಬರೆದವರಿಗೆ ಈ ಗುರುತಿನ ಅಗತ್ಯವೇ ಬೀಳುವುದಿಲ್ಲ. ‘ಸಬ್‌ಸ್ಕ್ರಿಪ್ಷನ್’ನಂತಹ ಉದ್ದದ ಪದಗಳನ್ನು ಕನ್ನಡ ಲಿಪಿಯಲ್ಲಿ ಓದಲು ಕಣ್ಣಿಗೆ ಹೊತ್ತು ಬೇಕು. ಅಂಥ ಪದ ಬಂದಾಗ ‘ತಿಂಗಳಿಗೊಂದು ಬಾಟ್ಲಿ’ ಎಂದು ವಿಷಯವನ್ನೇ ಹೇಳುವುದು ಸುಲಭ.

## ಹೊಗಳುವ ಪದಗಳಿಗೆ ಕಾನೂನಿನ ಗೆರೆ

ಆಥೆಂಟಿಕ್, ನ್ಯಾಚುರಲ್, ಫ್ರೆಶ್, ಟ್ರೆಡಿಷನಲ್ ಇವು ಕಿವಿಗೆ ಸವೆದುಹೋದ ಪದಗಳಷ್ಟೇ ಆಗಿದ್ದರೆ ಬಳಸುವವರ ಇಷ್ಟಕ್ಕೆ ಬಿಡಬಹುದಿತ್ತು. ಆದರೆ ಆಹಾರದ ಜಾಹೀರಾತಿನಲ್ಲಿ ಇಂಥ ಪದಗಳನ್ನು ಯಾವಾಗ ಬಳಸಬಹುದು ಎಂಬುದಕ್ಕೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರಲ್ಲಿ ನಿಯಮಗಳನ್ನು ಮಾಡಿದೆ. ಅದರ ಪ್ರಕಾರ ‘ಫ್ರೆಶ್’ ಎಂಬುದು ತೊಳೆಯುವುದು, ಸಿಪ್ಪೆ ತೆಗೆಯುವುದು, ಕತ್ತರಿಸುವುದು, ತಂಪಾಗಿಡುವುದು ಮುಂತಾದ ಕೆಲವೇ ಕೆಲಸಗಳನ್ನು ಬಿಟ್ಟು ಬೇರೆ ಸಂಸ್ಕರಣೆಗೆ ಒಳಗಾಗದ ಪದಾರ್ಥಕ್ಕೆ ಸಲ್ಲುವ ಪದ. ವಾರಗಟ್ಟಲೆ ಉಪ್ಪಿನಲ್ಲಿದ್ದ ಮಿಡಿಗೆ ಅದು ಸಲ್ಲದು. ಕೊಳ್ಳುವವರಿಗೆ ತಪ್ಪು ಕಲ್ಪನೆ ಕೊಡುವಂತೆ ‘ಹೋಮ್‌ಮೇಡ್’ ಎಂಬಂಥ ಮಾತುಗಳನ್ನು ಬಳಸುವುದನ್ನೂ ಅದು ತಡೆಯುತ್ತದೆ. ಪದವನ್ನು ಕನ್ನಡಕ್ಕೆ ತಿರುಗಿಸಿದರೆ ನಿಯಮ ತಪ್ಪಿಸಿಕೊಂಡಂತೆ ಆಗುವುದಿಲ್ಲ, ದೊಡ್ಡ ಕಾರ್ಖಾನೆಯವರು ‘ಮನೆಯಲ್ಲಿ ಮಾಡಿದ್ದು’ ಎಂದರೂ ತಪ್ಪು ತಪ್ಪೇ. ಯಾವ ಮಿಡಿ, ಎಷ್ಟು ದಿನ ಉಪ್ಪಿನಲ್ಲಿತ್ತು, ಎಷ್ಟು ಬಾಟಲಿ ಇದೆ ಎಂದು ನಿಜವಾದ ವಿವರ ಬರೆದರೆ ಈ ಪದಗಳ ಗೊಡವೆಯೇ ಬೇಕಾಗುವುದಿಲ್ಲ.

ಬಾಟಲಿಯ ಮೇಲಿನ ಚೀಟಿಗೆ ಈ ಸ್ವಾತಂತ್ರ್ಯವಿಲ್ಲ. ಪದಾರ್ಥಗಳ ಪಟ್ಟಿ, ತಯಾರಿಸಿದ ದಿನಾಂಕ, ಪರವಾನಗಿ ಅಥವಾ ನೋಂದಣಿ ಸಂಖ್ಯೆ ಮೊದಲಾದ ಕಡ್ಡಾಯ ವಿವರಗಳು ಅಲ್ಲಿ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಲೇಬೇಕು, ಜೊತೆಗೆ ಕನ್ನಡವನ್ನೂ ಹಾಕಬಹುದು. ಅತ್ತಿಗೆ ಈಗ ಚೀಟಿಯ ಬರಹವನ್ನು ಮುದ್ರಣದವರಿಗೆ ಬಿಟ್ಟಿದ್ದಾರೆ. ಕ್ಯಾಪ್ಷನ್ನನ್ನು ಮಾತ್ರ ಹಾಕುವ ಮೊದಲು ಆ ಹುಡುಗನಿಗೆ ಫೋನಿನಲ್ಲಿ ಒಂದೇ ಉಸಿರಿಗೆ ಓದಿ ಹೇಳುತ್ತಾರೆ. ಎಲ್ಲಿ ಅವರ ನಾಲಿಗೆ ತಡವರಿಸುತ್ತದೋ, ಎಲ್ಲಿ ಅವನು “ಎಂತ ಹೇಳಿದ್ದು?” ಎಂದು ಕೇಳುತ್ತಾನೋ ಆ ಪದದ ಕೆಳಗೆ ಪೆನ್ಸಿಲಿನ ಗೆರೆ ಬೀಳುತ್ತದೆ.